ಸಾದುಗಪ್ಪು ಮೈಬಣ್ಣಕ್ಕೆ ಬಿಳಿ ಬೆರೆಸಿದ ಕೂಡಲೇ ಮುಖ ಬೂದಿ ಬಳಿದಂಗ ಕಾಣತೈತಿ, ಎಲ್ಲಿ ತಪ್ಪಾಗತೈತಿ? (ತೈಲವರ್ಣ)

ಗಂಗಾವತಿ ಕುಂಚ · ಸೋಮವಾರ ರಾತ್ರಿ

ನಮಸ್ಕಾರ್ರಿ ಎಲ್ಲರಿಗೂ. 20×24 ಇಂಚಿನ ಕ್ಯಾನ್ವಾಸ್ ಮ್ಯಾಲೆ ಇಬ್ಬರ ಭಾವಚಿತ್ರ ನಡದೈತಿ, ಆಯಿಲ್ ಪೇಂಟ್. ಒಬ್ಬರು ಎಪ್ಪತ್ತು ದಾಟಿದ ರೈತ ಅಜ್ಜ. ಸಾದುಗಪ್ಪು ಮೈಬಣ್ಣ, ಬಿಳಿ ಅಂಗಿ, ಬಿಳಿ ರುಮಾಲು. ಬಾಜೂಕ ಮೊಮ್ಮಗಳು. ಗೋಧಿ ಬಣ್ಣ, ಹಸಿರು ಇಳಕಲ್ ಸೀರಿ.

ಅಜ್ಜನ ಮುಖಕ್ಕ ಬರ್ನ್ಟ್ ಅಂಬರ್, ಸ್ವಲ್ಪ ಐವರಿ ಬ್ಲ್ಯಾಕ್, ಬೆಳಕು ಬಿದ್ದ ಕಡೆ ಟೈಟೇನಿಯಂ ವೈಟ್ ಕಲಸೀನಿ. ನೆರಳಿನ ಕಡೆ ಪರವಾಗಿಲ್ಲ. ಆದರ ಹಣಿ, ಮೂಗು, ಕೆನ್ನೆ ಮ್ಯಾಲಿನ ಎಲುಬು, ಎಲ್ಲೆಲ್ಲಿ ಬಿಳಿ ಹೋಗೇತೋ ಅಲ್ಲೆಲ್ಲ ಬೂದಿ ಒರಸಿದಂಗ ಆಗೈತಿ. ಜೀವ ಇಲ್ಲ. ಮೊಮ್ಮಗಳಿಗೆ ಫ್ಲೆಶ್ ಟಿಂಟ್ ಟ್ಯೂಬ್ ಹಾಕೀನಿ, ಅಕಿ ಪ್ಲಾಸ್ಟಿಕ್ ಗೊಂಬಿ ಹಂಗ ಗುಲಾಬಿ ಕಾಣತಾಳ. ಇಬ್ಬರೂ ಒಂದೇ ಮನಿಯವರು ಅನಸೂದಿಲ್ಲ. ಯಾವ ಬಣ್ಣ ಎಷ್ಟು ಬೆರಸಬೇಕು, ಅಳತಿ ಸಮೇತ ಹೇಳ್ರಿ.

ಬಳ್ಳಾರಿ ಬೋರ್ಡ್ ಆರ್ಟಿಸ್ಟ್ · ಸೋಮವಾರ ರಾತ್ರಿ

ಮೊದಲು ಆ ಕಪ್ಪು ಟ್ಯೂಬ್ ತೆಗೆದು ಬಿಸಾಕ್ರಿ ಬ್ರದರ್. ಮುಖದಲ್ಲಿ ಕಪ್ಪು ಹೋದ್ರೆ ಮುಖ ಸತ್ತಂಗೇ. ಬರ್ನ್ಟ್ ಅಂಬರ್ ಒಂದೇ ಸಾಕು, ಬಿಳಿ ಹೆಚ್ಚುಕಡಿಮೆ ಮಾಡಿಕೊಂಡು ಹೋದ್ರೆ ಎಲ್ಲಾ ಶೇಡ್ ಬರುತ್ತೆ.

ವರ್ಣಪೆಟ್ಟಿಗೆ, ರಾಯಚೂರು · ಸೋಮವಾರ ರಾತ್ರಿ

ಉತ್ತರ ಹೇಳೂ ಮುಂಚೆ ಮೂರು ಮಾತು ಕೇಳಬೇಕಾಗ್ಯದ. ಬಣ್ಣ ಒದ್ದಿ ಇದ್ದಾಗಲೇ ಬೂದಿ ಕಾಣ್ತದೋ, ಎರಡು ಮೂರು ದಿನ ಒಣಗಿದ ಮ್ಯಾಲೆ ಬೂದಿ ಆಗ್ಯದೋ? ಕ್ಯಾನ್ವಾಸಿಗೆ ಮೊದಲು ಏನಾದರೂ ಬಣ್ಣ ಸವರಿದ್ದಿರೋ, ಬಿಳಿ ಪ್ರೈಮರ್ ಮ್ಯಾಲೇ ಶುರು ಮಾಡಿದ್ದಿರೋ? ಯಾವ ಬೆಳಕಿನಾಗ ಕಲಸ್ತೀರಿ?

ಗಂಗಾವತಿ ಕುಂಚ · ಸೋಮವಾರ ರಾತ್ರಿ

ಹಣಿ ಮತ್ತ ಮೂಗು ಒದ್ದಿ ಇದ್ದಾಗಲೇ ಬೂದಿರಿ. ಕುತ್ತಿಗಿ ನೆರಳು ಮಾತ್ರ ಹಚ್ಚಿದಾಗ ಚಲೋ ಇತ್ತು, ನಾಕು ದಿನದ ಮ್ಯಾಲೆ ನೋಡಿದರ ಅದೂ ಸುಣ್ಣದ ಧೂಳು ಕುಂತಂಗ ಆಗೈತಿ. ಕ್ಯಾನ್ವಾಸ್ ಬಿಳೀದೇ. ಕೆಲಸ ರಾತ್ರಿ ನಡಿತೈತಿ, ಹಳದಿ ಬಲ್ಬ್.

ಸಿರುಗುಪ್ಪ ಸ್ಟುಡಿಯೋ · ಮಂಗಳವಾರ ಬೆಳಿಗ್ಗೆ

ನಂದೂ ಇದೇ ಪ್ರಶ್ನೆ. ಗಿರಾಕಿಗಳು ಫೋಟೋ ಕೊಟ್ಟು "ಇದಕ್ಕಿಂತ ಸ್ವಲ್ಪ ಬೆಳ್ಳಗೆ ಮಾಡಿ" ಅಂತಾರೆ. ಕಪ್ಪು ಮುಖವನ್ನು ನ್ಯಾಚುರಲ್ ಆಗಿ ಬೆಳ್ಳಗೆ ಮಾಡೋಕೆ ಯಾವ ಬಣ್ಣ ಬೆರೆಸಬೇಕು?

ಚಿತ್ರಕಲಾ ಮಾಸ್ತರ, ಕೊಪ್ಪಳ · ಮಂಗಳವಾರ ಬೆಳಿಗ್ಗೆ

ಅವರು ಕೇಳಿದ್ದು ಅದಲ್ಲರಿ. ಅಜ್ಜ ಅಜ್ಜನ ಬಣ್ಣದಾಗೇ ಇರಬೇಕು, ಆದರ ಆ ಬಣ್ಣದಾಗ ಬೆಳಕು ಕಾಣಬೇಕು, ಇದು ಪ್ರಶ್ನೆ. ನೀವು ಕೇಳಿದ್ದಕ್ಕೂ ಒಂದು ಮಾತು ಹೇಳತೇನಿ. ಕಪ್ಪು ಮುಖಕ್ಕ ಬಿಳಿ ಸುರುವಿದರ ಬೆಳ್ಳಗ ಆಗೂದಿಲ್ಲ, ಇವರಿಗೆ ಆದಂಗ ಬೂದಿ ಆಗತೈತಿ. ಗಿರಾಕಿಗೆ ಮುಖ "ಕಪ್ಪಾತು" ಅನಸೂದು ಬಹಳ ಸಲ ಹಿಂದಿನ ಬ್ಯಾಕ್‌ಗ್ರೌಂಡಿನಿಂದ. ತಿಳಿ ನೀಲಿ ಬ್ಯಾಕ್‌ಗ್ರೌಂಡ್ ಇದ್ದದ್ದನ್ನ ಗಾಢ ಕಂದು ಮಾಡಿ ನೋಡ್ರಿ. ಮುಖ ಮುಟ್ಟದೇನೇ ಬೆಳಗತೈತಿ.

ವರ್ಣಪೆಟ್ಟಿಗೆ, ರಾಯಚೂರು · ಮಂಗಳವಾರ ಮಧ್ಯಾಹ್ನ

ಗಂಗಾವತಿಯವರೇ, ನಿಮ್ಮ ಚಿತ್ರದಲ್ಲಿ ಎರಡು ಬೇರೆ ಬೇರೆ ಬೂದಿ ಇವೆ. ಮದ್ದೂ ಬೇರೆ ಬೇರೆ.

ಒಣಗಿದ ಮೇಲೆ ಬಂದ ಕುತ್ತಿಗೆಯ ಬೂದಿಯನ್ನು ಮೊದಲು ಮುಗಿಸೋಣ, ಅದು ಸುಲಭ. ಆ ಜಾಗ ಮುಟ್ಟಿದರೆ ಬೆರಳಿಗೆ ಬಣ್ಣ ಅಂಟಬಾರದು, ಅಷ್ಟು ಒಣಗಿರಬೇಕು. ಬೆರಳ ತುದಿಗೆ ಒಂದು ಹನಿ ಅಗಸೆ ಎಣ್ಣೆ ತೊಗೊಂಡು ಅಲ್ಲಿ ಒರೆಸಿ. ಒರೆಸಿದ ಕೂಡಲೇ ಮೊದಲಿನ ಗಾಢ ಬಣ್ಣ ತಿರುಗಿ ಬಂದರೆ ನಿಮ್ಮ ಮಿಶ್ರಣ ಸರಿಯಾಗಿಯೇ ಇದೆ ಅಂತ ಅರ್ಥ. ಎಣ್ಣೆಯನ್ನು ಕೆಳಗಿನ ಪದರ ಹೀರಿಕೊಂಡಿದೆ, ಮೇಲ್ಮೈ ಮಂಕಾಗಿದೆ, ಅಷ್ಟೇ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಎಣ್ಣೆಯನ್ನೂ ಬಹಳ ಕುಡಿಯುತ್ತದೆ. ಅದಕ್ಕೆ ಟರ್ಪಂಟೈನ್ ಜಾಸ್ತಿ ಹಾಕಿ ತೆಳ್ಳಗೆ ಹಚ್ಚಿದರೆ ಹೀಗೆ ಆಗಿಯೇ ಆಗುತ್ತದೆ. ಅಗಸೆ ಎಣ್ಣೆ ಮತ್ತು ಟರ್ಪಂಟೈನ್ ಸಮ ಸಮ ಬೆರೆಸಿ ಹತ್ತಿ ಬಟ್ಟೆಯಿಂದ ಅತಿ ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಆಮೇಲೆ ಅದರ ಮೇಲೆ ಕೆಲಸ ಮುಂದುವರಿಸಿ. ಒರೆಸದೆ ಬಿಟ್ಟರೆ ಎಣ್ಣೆ ನಿಂತು ಹಳದಿ ಆಗುತ್ತದೆ, ಧೂಳೂ ಹಿಡಿಯುತ್ತದೆ.

ಹಣೆಯ ಬೂದಿ ಮಿಶ್ರಣದ ತಪ್ಪು. ಟ್ಯೂಬಿನಿಂದ ತೆಗೆದ ಬರ್ನ್ಟ್ ಅಂಬರ್ ನೋಡಲು ಬೆಚ್ಚಗಿನ ಕಂದು. ಅದಕ್ಕೆ ಬಿಳಿ ಬಿದ್ದ ತಕ್ಷಣ ಒಳಗಿನ ಬಣ್ಣ ಹೊರಬೀಳುತ್ತದೆ, ಅದು ಬೂದುಗಂದು. ಐವರಿ ಬ್ಲ್ಯಾಕ್‌ಗೆ ಬಿಳಿ ಸೇರಿದರೆ ಅದು ಇನ್ನೂ ತಣ್ಣಗೆ, ನೀಲಿ ಕಡೆ ವಾಲುತ್ತದೆ. ಟೈಟೇನಿಯಂ ವೈಟ್ ತಾನೂ ತಣ್ಣನೆ ಬಿಳಿ, ಮೇಲಾಗಿ ಬಹಳ ಗಟ್ಟಿ. ಮೂರು ತಣ್ಣನೆಯವು ಸೇರಿದ ಮೇಲೆ ಹಣೆ ಬೆಚ್ಚಗಿರಲು ಸಾಧ್ಯವಿಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಹೀಗೆ ಮಾಡಿ. ಕಡಲೆಕಾಳಿನಷ್ಟು ಬರ್ನ್ಟ್ ಅಂಬರ್, ಪಕ್ಕದಲ್ಲಿ ಕಡಲೆಕಾಳಿನಷ್ಟು ಬರ್ನ್ಟ್ ಸಿಯೆನ್ನಾ ಇಡಿ. ಎರಡಕ್ಕೂ ಅಷ್ಟಷ್ಟೇ ಬಿಳಿ ಹಾಕಿ ನೈಫಿನಿಂದ ಕಲಸಿ, ಪಕ್ಕ ಪಕ್ಕ ಎಳೆಯಿರಿ. ಅಂಬರ್ ಒಣ ಮಣ್ಣಿನಂತೆ ಕಾಣುತ್ತದೆ. ಸಿಯೆನ್ನಾ ಮಾಗಿದ ಕಿತ್ತಳೆಯ ಕಡೆ ಹೋಗುತ್ತದೆ. ಮನುಷ್ಯರ ಚರ್ಮ, ಎಷ್ಟೇ ಕಪ್ಪಿರಲಿ ಎಷ್ಟೇ ಬಿಳಿ ಇರಲಿ, ಆ ಕಿತ್ತಳೆ ಮನೆತನದ್ದೇ. ಒಬ್ಬರಲ್ಲಿ ಅದು ಗಾಢ, ಇನ್ನೊಬ್ಬರಲ್ಲಿ ತಿಳಿ, ಒಬ್ಬರಲ್ಲಿ ಕೆಂಪಿನ ಕಡೆ, ಒಬ್ಬರಲ್ಲಿ ಹಳದಿಯ ಕಡೆ. ಅದಕ್ಕೇ ಅಜ್ಜನಿಗೂ ಮೊಮ್ಮಗಳಿಗೂ ಬೇರೆ ಬೇರೆ ಟ್ಯೂಬ್ ಬೇಡ. ಮುಂದೆ ಹೇಳುವ ಅವೇ ಕೆಲವು ಬಣ್ಣದಿಂದ ಇಬ್ಬರನ್ನೂ ತೆಗೆಯಬಹುದು.

ಅಜ್ಜನ ನಡುವಣ ಬಣ್ಣ, ಅಂದರೆ ಬೆಳಕೂ ಅಲ್ಲದ ನೆರಳೂ ಅಲ್ಲದ ಜಾಗದ್ದು: ಬರ್ನ್ಟ್ ಸಿಯೆನ್ನಾ 4 ಕಾಳು, ಯೆಲ್ಲೋ ಆಕರ್ 2 ಕಾಳು, ಅಲ್ಟ್ರಾಮರೀನ್ 1 ಕಾಳು. ಮೊದಲು ಇಷ್ಟನ್ನೇ ಕಲಸಿ. ಆಮೇಲೆ ಬಿಳಿ ಅರ್ಧ ಕಾಳು, ಅದಕ್ಕಿಂತ ಜಾಸ್ತಿ ಬೇಡ. ನೀಲಿ ಸಿಯೆನ್ನಾದ ಕೆಂಪನ್ನು ತಗ್ಗಿಸಿ ಕಪ್ಪಿನ ಕಡೆ ಎಳೆಯುತ್ತದೆ, ಕಪ್ಪು ಟ್ಯೂಬಿನ ಕೆಲಸ ಅದೇ ಮಾಡುತ್ತದೆ. ಅಜ್ಜ ಇನ್ನೂ ಗಾಢ ಇದ್ದರೆ ನೀಲಿಯನ್ನು ಕಾಲು ಕಾಲು ಕಾಳು ಏರಿಸಿ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಸಿಯೆನ್ನಾ ಬದಲಾಗುವುದರಿಂದ ಈ ಅಳತೆ ಶುರು ಮಾಡಲಿಕ್ಕೆ ಮಾತ್ರ.

ನೆರಳು: ಸಿಯೆನ್ನಾ 3, ಅಲ್ಟ್ರಾಮರೀನ್ 2, ಗಾಢ ಕೆಂಪು ಸಾಸಿವೆಯಷ್ಟು. ಬಿಳಿ ಇಲ್ಲವೇ ಇಲ್ಲ. ನೆರಳಿಗೆ ಬಿಳಿ ಬಿದ್ದರೆ ಅದರ ಆಳ ಹೋಗಿಬಿಡುತ್ತದೆ.

ಬೆಳಕು ಬಿದ್ದ ಹಣೆ: ಇಲ್ಲಿಯೇ ಎಲ್ಲರೂ ಬಿಳಿಗೆ ಕೈ ಹಾಕುವುದು. ನಡುವಣ ಬಣ್ಣದಿಂದ ಎರಡು ಕಾಳು ಪಕ್ಕಕ್ಕೆ ತೆಗೆದು, ಮೊದಲು ಯೆಲ್ಲೋ ಆಕರ್ 1 ಕಾಳು, ಕ್ಯಾಡ್ಮಿಯಂ ರೆಡ್ ಲೈಟ್ ಸಾಸಿವೆಯಷ್ಟು ಸೇರಿಸಿ. ಬಣ್ಣ ಆಗಲೇ ಎಷ್ಟೋ ತಿಳಿಯಾಗಿರುತ್ತದೆ. ಇನ್ನೂ ಬೇಕಾದರೆ ಮಾತ್ರ ಬಿಳಿ, ಅದೂ ಅರ್ಧ ಕಾಳು. ಹಳದಿ ಮುಂದೆ, ಬಿಳಿ ಹಿಂದೆ. ಈ ಕ್ರಮ ತಪ್ಪಿದರೆ ಬೂದಿ.

ಬಳ್ಳಾರಿ ಬೋರ್ಡ್ ಆರ್ಟಿಸ್ಟ್ · ಮಂಗಳವಾರ ಮಧ್ಯಾಹ್ನ

ಅಂಬರ್ ವಿಷಯ ಒಪ್ಪಿದೆ ಮೇಡಂ. ಆದ್ರೆ ಕಪ್ಪು ಬೇಡ ಅಂದಿದ್ದು ನಾನು ಸರಿ ತಾನೆ?

ಚಿತ್ರಕಲಾ ಮಾಸ್ತರ, ಕೊಪ್ಪಳ · ಮಂಗಳವಾರ ಸಂಜೆ

ಪೂರ್ತಿ ಸರಿ ಅಲ್ಲ. ಸ್ವೀಡನ್ನಿನ ಆಂಡರ್ಸ್ ಜೋರ್ನ್ ಹೆಸರಿನಾಗ ಒಂದು ಪ್ಯಾಲೆಟ್ಟೇ ಐತಿ. ಬಿಳಿ, ಯೆಲ್ಲೋ ಆಕರ್, ವರ್ಮಿಲಿಯನ್, ಐವರಿ ಬ್ಲ್ಯಾಕ್, ನಾಕೇ ಬಣ್ಣ. ಅದರಾಗ ನೀಲಿ ಕೆಲಸ ಮಾಡೂದೇ ಕಪ್ಪು. ಕಪ್ಪು ಮುಖ ಕೊಲ್ಲೂದಿಲ್ಲ. ಕಪ್ಪು ಮತ್ತ ಬಿಳಿ ಎರಡೇ ಕೂಡಿದಾಗ ಕೊಲ್ಲತೈತಿ.

ಬಳ್ಳಾರಿ ಬೋರ್ಡ್ ಆರ್ಟಿಸ್ಟ್ · ಮಂಗಳವಾರ ಸಂಜೆ

ಜೋರ್ನ್ ಬರೆದಿದ್ದು ಅಲ್ಲಿಯ ಬೆಳ್ಳನೆ ಜನರನ್ನ ಸರ್. ನಮ್ಮ ಕಡೆ ಮುಖಕ್ಕೆ ಅದು ನಡೆಯಲ್ಲ.

ವರ್ಣಪೆಟ್ಟಿಗೆ, ರಾಯಚೂರು · ಮಂಗಳವಾರ ರಾತ್ರಿ

ಎಣ್ಣೆಗೆಂಪು ಮೈಬಣ್ಣದ ತನಕ ನಡೆಯುತ್ತದೆ. ಅದರಾಚೆ ಎರಡು ತೊಂದರೆ. ಕಪ್ಪಿಗೆ ಯೆಲ್ಲೋ ಆಕರ್ ಬೆರೆತರೆ ಆಲಿವ್ ಹಸಿರು ಆಗುತ್ತದೆ, ಅದನ್ನು ತಡೆಯಲು ಕೆಂಪು ಏರಿಸುತ್ತ ಹೋಗಬೇಕು. ಗಾಢ ಮುಖದಲ್ಲಿ ಈ ಮೂರರ ಜಗ್ಗಾಟ ಮುಗಿಯುವುದೇ ಇಲ್ಲ. ಇನ್ನೊಂದು, ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಎರಡೂ ಪಾರದರ್ಶಕವಾದವು. ಅವುಗಳಿಂದ ಮಾಡಿದ ನೆರಳಿನೊಳಗೆ ಕಣ್ಣು ಇಳಿಯುತ್ತದೆ. ವರ್ಮಿಲಿಯನ್ ಅಥವಾ ಕ್ಯಾಡ್ಮಿಯಂ ರೆಡ್ ಮುಚ್ಚುವ ಬಣ್ಣ. ಅದರಿಂದ ಮಾಡಿದ ಗಾಢ ನೆರಳು ಗೋಡೆಗೆ ಬಳಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಐವರಿ ಬ್ಲ್ಯಾಕ್ ಒಣಗುವುದೂ ನಿಧಾನ, ಕೆಳಗಿನ ಪದರದಲ್ಲಿ ದಪ್ಪಗೆ ಹಾಕಿ ಮೇಲೆ ಬೇಗ ಒಣಗುವ ಅಂಬರ್ ಹಚ್ಚಿದರೆ ಬಿರುಕು ಬಿಡುವ ಅಪಾಯ ಇದೆ.

ಚಿತ್ರಕಲಾ ಮಾಸ್ತರ, ಕೊಪ್ಪಳ · ಮಂಗಳವಾರ ರಾತ್ರಿ

ಬಿರುಕಿನ ಮಾತು ಒಪ್ಪತೇನಿ. ಚಪ್ಪಟೆ ಆಗತೈತಿ ಅನ್ನೂದು ಹಚ್ಚುವವರ ಕೈಯಾಗ ಐತಿ ಮೇಡಂ. ತೆಳ್ಳಗ ಹಚ್ಚಿದ ಕಪ್ಪಿನಾಗೂ ಆಳ ಸಿಗತೈತಿ. ಈ ವಿಷಯದಾಗ ನಾನು ನಿಮ್ಮ ಜೋಡಿ ಇಲ್ಲ.

ಸಿಂಧನೂರು ಜಲವರ್ಣ · ಬುಧವಾರ ಬೆಳಿಗ್ಗೆ

ನನ್ನದು ಅಕ್ರಿಲಿಕ್. ಇದೇ ಅಳತೆ ಹಿಡಿದರೆ ಒಣಗಿದ ಮೇಲೆ ಮುಖ ಒಂದು ಪಟ್ಟು ಕಪ್ಪಾಗ್ತದ. ಅಳತೆ ತಪ್ಪಾ ಏನು?

ವರ್ಣಪೆಟ್ಟಿಗೆ, ರಾಯಚೂರು · ಬುಧವಾರ ಬೆಳಿಗ್ಗೆ

ಅಳತಿ ತಪ್ಪಲ್ಲ. ಅಕ್ರಿಲಿಕ್‌ನಾಗ ಬಣ್ಣ ಹಿಡಿಯೂ ದ್ರವ ಒದ್ದಿ ಇದ್ದಾಗ ಹಾಲಿನಂಗ ಇರ್ತದ, ಒಣಗಿದ ಮ್ಯಾಲೆ ತಿಳಿ ಆಗ್ತದ. ಆ ಹಾಲು ಹೋದಷ್ಟು ಬಣ್ಣ ಗಾಢ ಆಗ್ತದ. ಕಪ್ಪು ಮೈಬಣ್ಣದಾಗ ಇದು ಭಾಳ ಎದ್ದು ಕಾಣ್ತದ. ಪ್ರತಿ ಮಿಶ್ರಣನೂ ಒಂದು ಕಾಗದದ ಮ್ಯಾಲೆ ಎಳದು, ಒಣಗಿಸಿ, ಅದನ್ನ ನೋಡಿ ಕ್ಯಾನ್ವಾಸಿಗೆ ಹೋಗ್ರಿ.

ಸಂಡೂರು ಕೆಮ್ಮಣ್ಣು · ಬುಧವಾರ ಮಧ್ಯಾಹ್ನ

ಬರ್ನ್ಟ್ ಸಿಯೆನ್ನಾ ಅಂದ್ರೆ ಕಬ್ಬಿಣದ ಮಣ್ಣೇ ತಾನೆ? ಟ್ಯೂಬಿಗೆ ಯಾಕೆ ದುಡ್ಡು ಹಾಕ್ತೀರಿ, ಸಂಡೂರಿನಲ್ಲಿ ಕಾಲಿಟ್ಟಲ್ಲೆಲ್ಲ ಕೆಂಪು ಮಣ್ಣು ಐತೆ. ಜರಡಿ ಹಿಡಿದು ಅಗಸೆ ಎಣ್ಣೆಯಲ್ಲಿ ಅರೆದ್ರೆ ಬಣ್ಣ ರೆಡಿ. ನಮ್ಮ ನೆಲದ ಜನರಿಗೆ ನಮ್ಮ ನೆಲದ ಬಣ್ಣ.

ವರ್ಣಪೆಟ್ಟಿಗೆ, ರಾಯಚೂರು · ಬುಧವಾರ ಸಂಜೆ

ಮೂಲ ಒಂದೇ, ನಿಜ. ಯೆಲ್ಲೋ ಆಕರ್‌ನಲ್ಲಿ ಇರುವುದು ನೀರಿನಂಶ ಹಿಡಿದ ಕಬ್ಬಿಣದ ಆಕ್ಸೈಡ್. ಅದನ್ನು ಹುರಿದರೆ ನೀರು ಹೋಗಿ ಕೆಂಪಾಗುತ್ತದೆ. ರಾ ಸಿಯೆನ್ನಾ ಹುರಿದೇ ಬರ್ನ್ಟ್ ಸಿಯೆನ್ನಾ ಮಾಡುವುದು. ಹಳದಿ ಮಣ್ಣು ಸಿಕ್ಕರೆ ಕಬ್ಬಿಣದ ಹಂಚಿನ ಮೇಲೆ ಹುರಿದು ನೋಡಿ, ಕಣ್ಣೆದುರಿಗೇ ಬಣ್ಣ ತಿರುಗುತ್ತದೆ.

ಆದರೆ ಅದಿರಿನ ಕೆಂಪು ಪುಡಿ ಸಿಯೆನ್ನಾದ ಜಾಗಕ್ಕೆ ಬರುವುದಿಲ್ಲ. ಸಿಯೆನ್ನಾ ಪಾರದರ್ಶಕ, ಬಿಳಿ ಸೇರಿದರೆ ಕಿತ್ತಳೆಗೆ ಹೋಗುತ್ತದೆ. ಅದಿರಿನ ಕೆಂಪು ದಟ್ಟವಾಗಿ ಮುಚ್ಚುತ್ತದೆ, ಬಿಳಿ ಸೇರಿದರೆ ತಣ್ಣನೆ ನೇರಳೆಗೆಂಪಿಗೆ ಹೋಗುತ್ತದೆ. ಅದನ್ನು ತುಟಿಗೆ, ಕಿವಿಯ ಅಂಚಿಗೆ ಬಳಸಬಹುದು. ಹಣೆಗೆ ಹಾಕಿದರೆ ಬೂದಿಯ ಬದಲು ಬೀಟ್‌ರೂಟ್ ಆಗುತ್ತದೆ.

ಜರಡಿ ಒಂದೇ ಸಾಲುವುದಿಲ್ಲ. ಬಕೆಟ್ ನೀರಿನಲ್ಲಿ ಮಣ್ಣು ಕದಡಿ, ಒಂದು ನಿಮಿಷ ಬಿಟ್ಟರೆ ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಂದು ದಿನ ಬಿಡಿ. ತಳದಲ್ಲಿ ನಿಂತ ನುಣ್ಣನೆ ಕೆಸರೇ ನಿಮ್ಮ ಬಣ್ಣ. ತಿಳಿನೀರು ಚೆಲ್ಲಿ ಹೀಗೆ ಮೂರು ನಾಲ್ಕು ಸಲ ತೊಳೆದರೆ ಉಪ್ಪಿನಂಶ ಹೋಗುತ್ತದೆ. ಒಣಗಿದ ಪುಡಿಯನ್ನು ಊದಬೇಡಿ, ಗುಡಿಸಬೇಡಿ, ಮೂಗಿಗೆ ಮಾಸ್ಕ್ ಇರಲಿ. ಸಂಡೂರಿನ ನೆಲದಲ್ಲಿ ಮ್ಯಾಂಗನೀಸ್ ಅದಿರೂ ಇದೆ, ಆ ಧೂಳು ಒಳಗೆ ಹೋಗುವುದು ಒಳ್ಳೆಯದಲ್ಲ.

ಕಿನ್ನಾಳ ಕಡೆಯಾಂವ · ಬುಧವಾರ ರಾತ್ರಿ

ಕಿನ್ನಾಳದ ಗೊಂಬಿ ಮುಖಕ್ಕ ಒಂದೇ ಬಣ್ಣ ಸಪಾಟ ಹಚ್ಚತಾರ. ಶೇಡ್ ಇಲ್ಲ, ಬೂದಿನೂ ಇಲ್ಲ. ಕಣ್ಣು ಹುಬ್ಬು ಬರದ ಕೂಡಲೇ ಜೀವ ಬರತೈತಿ.

ಚಿತ್ರಕಲಾ ಮಾಸ್ತರ, ಕೊಪ್ಪಳ · ಬುಧವಾರ ರಾತ್ರಿ

ಗೊಂಬಿಗೆ ಮೂಗು ಕೆತ್ತಿರತಾರಪಾ, ನೆರಳು ತಾನಾಗೇ ಬೀಳತೈತಿ. ಕ್ಯಾನ್ವಾಸ್ ಮ್ಯಾಲೆ ಆ ನೆರಳನ್ನೂ ನಾವೇ ಕಲಸಬೇಕು.

ಗಂಗಾವತಿ ಕುಂಚ · ಗುರುವಾರ ರಾತ್ರಿ

ಕುತ್ತಿಗಿಗೆ ಎಣ್ಣಿ ಒರಸಿದೆ, ಹೇಳಿದಂಗ ಬಣ್ಣ ತಿರುಗಿ ಬಂತು. ಹಣಿ ಕೆರದು ತೆಗದು ಹೊಸ ಮಿಶ್ರಣ ಹಾಕೀನಿ. ಬೂದಿ ಹೋತು. ಆದರ ಈಗ ಅಜ್ಜನ ಮುಖ ಮಣ್ಣಿನ ಗಡಿಗಿ ಹಂಗ ಐತಿ. ಬಣ್ಣ ಸರಿ, ಚರ್ಮ ಅನಸೂದಿಲ್ಲ. ಮೂಗಿನ ಮ್ಯಾಲೆ ಮಿಂಚು ಹಾಕಾಕ ಹೋದರ ಮತ್ತ ಸುಣ್ಣ ಆಗತೈತಿ ಅಂತ ಅಂಜಿಕಿ.

ವರ್ಣಪೆಟ್ಟಿಗೆ, ರಾಯಚೂರು · ಗುರುವಾರ ರಾತ್ರಿ

ಈಗ ಹಾಕಬೇಕಾದ್ದು ಅದೇ ಮಿಂಚು. ಆದರೆ ಅದು ಹಣೆಯ ಬಣ್ಣವನ್ನೇ ಇನ್ನಷ್ಟು ತಿಳಿ ಮಾಡಿದ್ದಲ್ಲ, ಬೇರೆಯೇ ಒಂದು ಬಣ್ಣ.

ಮುಖದಿಂದ ನಮ್ಮ ಕಣ್ಣಿಗೆ ಬೆಳಕು ಎರಡು ದಾರಿಯಲ್ಲಿ ಬರುತ್ತದೆ. ಒಂದು ಪಾಲು ಚರ್ಮದ ಒಳಗೆ ಹೋಗಿ, ಅಲ್ಲಿಯ ಕಂದು ಕಣ ಮತ್ತು ರಕ್ತದ ಕೆಂಪು ಹೊತ್ತು ಹೊರಗೆ ಬರುತ್ತದೆ. ಮೈಬಣ್ಣ ಅಂತ ಕಾಣುವುದು ಅದು. ಇನ್ನೊಂದು ಸಣ್ಣ ಪಾಲು, ನೂರರಲ್ಲಿ ನಾಲ್ಕರ ಆಸುಪಾಸು, ಒಳಗೆ ಹೋಗದೆ ಮೇಲಿನಿಂದಲೇ ಪುಟಿಯುತ್ತದೆ. ಅದಕ್ಕೆ ಚರ್ಮದ ಬಣ್ಣ ಹತ್ತುವುದಿಲ್ಲ, ಕಿಟಕಿಯ ಬಣ್ಣ, ಆಕಾಶದ ಬಣ್ಣವೇ ಇರುತ್ತದೆ. ಈ ಪುಟಿಯುವ ಪಾಲು ಅಜ್ಜನಿಗೂ ಮೊಮ್ಮಗಳಿಗೂ ಹೆಚ್ಚುಕಡಿಮೆ ಒಂದೇ. ಅಜ್ಜನ ಚರ್ಮದ ಒಳಗಿನಿಂದ ಬರುವ ಬೆಳಕು ಕಡಿಮೆ ಇರುವುದರಿಂದ ಮೇಲಿನ ಮಿಂಚು ಎದ್ದು ಕಾಣುತ್ತದೆ. ಸಾದುಗಪ್ಪು ಮುಖದ ಆಕಾರ ಅರ್ಧಕ್ಕರ್ಧ ಈ ಮಿಂಚಿನಿಂದಲೇ ತಿಳಿಯುವುದು. ಅದಿಲ್ಲದಿದ್ದರೆ ನೀವು ಹೇಳಿದಂತೆ ಗಡಿಗೆ.

ಮಿಂಚಿನ ಮಿಶ್ರಣ: ಬಿಳಿ 1 ಕಾಳು, ಅಲ್ಟ್ರಾಮರೀನ್ ಸಾಸಿವೆಗಿಂತ ಕಡಿಮೆ, ಹಣೆಯ ಬಣ್ಣ ಅರ್ಧ ಕಾಳು. ಪ್ಯಾಲೆಟ್ಟಿನ ಮೇಲೆ ನೋಡಿದರೆ ಇದು ತಿಳಿನೀಲಿ ಬೂದಿಯೇ. ಹೌದು, ಬೂದಿಯೇ, ಆದರೆ ತನ್ನ ಜಾಗದಲ್ಲಿ. ಮೂಗಿನ ತುದಿ, ಹುಬ್ಬಿನ ಮೇಲಿನ ಎಲುಬು, ಕೆನ್ನೆಯ ಎತ್ತರ, ಕೆಳತುಟಿ. ಒಂದು ಸಲ ಬ್ರಷ್ ಇಟ್ಟು ಎತ್ತಿ, ತಿಕ್ಕಬೇಡಿ. ತಿಕ್ಕಿದರೆ ಅದು ಕೆಳಗಿನ ಒದ್ದೆ ಬಣ್ಣದೊಳಗೆ ಹರಡಿ ಮೊದಲಿನ ಬೂದಿ ಹಣೆ ವಾಪಸ್ ಬರುತ್ತದೆ. ನಿಮ್ಮ ಮೊದಲ ಪ್ರಯತ್ನದಲ್ಲಿ ಆದದ್ದೂ ಅರ್ಧ ಇದೇ. ಬೆಟ್ಟು ಅಗಲದಲ್ಲಿ ಇರಬೇಕಾದ ತಣ್ಣನೆ ಬಣ್ಣ ಹಣೆಯ ಪೂರ್ತಿ ಹರಡಿತ್ತು.

ಕಣ್ಣಿನ ಬಿಳಿಗೆ ಶುದ್ಧ ಬಿಳಿ ಹಾಕಬೇಡಿ. ನಡುವಣ ಬಣ್ಣಕ್ಕೆ ಬಿಳಿ ಮತ್ತು ಚೂರು ನೀಲಿ ಸೇರಿಸಿ ಮಬ್ಬು ಬೂದಿ ಮಾಡಿ. ಗಾಢ ಮುಖದಲ್ಲಿ ಅಷ್ಟೇ ಬೆಳ್ಳಗೆ ಕಾಣುತ್ತದೆ. ಶುದ್ಧ ಬಿಳಿ ಹಾಕಿದರೆ ಕಣ್ಣು ಮುಖದಿಂದ ಹೊರಗೆ ಬಂದು ನಿಲ್ಲುತ್ತದೆ.

ಬಳ್ಳಾರಿ ಬೋರ್ಡ್ ಆರ್ಟಿಸ್ಟ್ · ಗುರುವಾರ ರಾತ್ರಿ

ಇದು ಗೊತ್ತಿರಲಿಲ್ಲ ಮೇಡಂ. ಎನಾಮೆಲ್‌ನಲ್ಲಿ ಕಪ್ಪು ಮುಖಕ್ಕೆ ಹಳದಿ ಹೈಲೈಟ್ ಕೊಡೋದೇ ರೂಢಿ.

ವರ್ಣಪೆಟ್ಟಿಗೆ, ರಾಯಚೂರು · ಗುರುವಾರ ರಾತ್ರಿ

ಬಲ್ಬಿನ ಬೆಳಕು ಇಲ್ಲಾ ಸಂಜಿ ಬಿಸಲು ಮುಖದ ಮ್ಯಾಲೆ ಬಿದ್ದಿದ್ದರ ಹಳದಿನೇ ಸರಿ. ಬೆಳಕಿನ ಬಣ್ಣ ಏನದ, ಮಿಂಚಿಂದೂ ಅದೇ.

ದೇವದುರ್ಗದ ಕ್ಯಾಮೆರಾ · ಶುಕ್ರವಾರ ಬೆಳಿಗ್ಗೆ

ಫೋನಿನ ಫೋಟೋ ನೋಡಿ ಬರೀತೀರಾ? ಹಂಗಿದ್ದರ ಒಂದು ಎಚ್ಚರ. ಮುಖ ಕಪ್ಪಗ ಇದ್ದರ ಫೋನು ತಾನೇ ಬೆಳಕು ಏರಸ್ತದ, ಬಿಳಿ ರುಮಾಲು ಸುಟ್ಟು ಹೋಗ್ತದ, ಚರ್ಮ ಮಂಕಾಗಿ ಬರ್ತದ. ಬ್ಯೂಟಿ ಫಿಲ್ಟರ್ ಇದ್ದರಂತೂ ನೀವು ಹುಡುಕ್ತಿರೋ ಮಿಂಚನ್ನ ಅದು ಒರೆಸೇಬಿಡ್ತದ. ಫಿಲ್ಟರ್ ತೆಗೆದು, ಪರದಿ ಮ್ಯಾಲೆ ಮುಖ ಮುಟ್ಟಿ ಬೆಳಕು ಒಂದು ಹಂತ ಇಳಿಸಿ ತೆಗೀರಿ. ಬಾಜೂಕ ಒಂದು ಬಿಳಿ ಕಾಗದ ಹಿಡಸ್ರಿ. ಫೋಟೋದಾಗ ಆ ಕಾಗದ ನೀಲಿ ಕಂಡರ ಚರ್ಮದಾಗೂ ಅಷ್ಟೇ ನೀಲಿ ಸೇರ್ಯದ ಅಂತ ತಿಳಕೋಬಹುದು.

ಸಿರುಗುಪ್ಪ ಸ್ಟುಡಿಯೋ · ಶುಕ್ರವಾರ ಬೆಳಿಗ್ಗೆ

ಬ್ಯಾಕ್‌ಗ್ರೌಂಡ್ ಗಾಢ ಮಾಡಿ ನೋಡಿದೆ ಮಾಸ್ತರ್. ಮುಖ ಮುಟ್ಟಲಿಲ್ಲ. ಗಿರಾಕಿ ಏನೂ ಅನ್ನಲಿಲ್ಲ, ತೊಗೊಂಡು ಹೋದ್ರು.

ಗಂಗಾವತಿ ಕುಂಚ · ಶನಿವಾರ ಮಧ್ಯಾಹ್ನ

ಮಿಂಚು ಕುಂತೈತ್ರಿ! ಮೂಗಿಗೆ ಒಂದು, ಹುಬ್ಬಿನ ಮ್ಯಾಲೆ ಎರಡು ಅಷ್ಟೇ ಇಟ್ಟೆ, ಮುಖ ಎದ್ದು ಬಂತು. ಹಗಲಿನಾಗ ಕಲಸೂದು ಶುರು ಮಾಡೀನಿ. ರಾತ್ರಿ ಕಲಸಿದ್ದು ಹಗಲಿನಾಗ ನೋಡಿದರ ನೀಲಿ ಕಾಣತಿತ್ತು, ಅದು ಈಗ ತಿಳೀತು. ಇನ್ನ ಮೊಮ್ಮಗಳ ಲೆಕ್ಕ ಹೇಳ್ರಿ. ಮತ್ತ ಅಜ್ಜನ ಹಣಿ ಮ್ಯಾಲೆ ರುಮಾಲಿನ ಗೆರಿ ಐತಿ, ಅದರ ಮ್ಯಾಲಿನ ಚರ್ಮ ತಿಳಿ, ಕೆಳಗ ಗಾಢ. ಅದನ್ನ ಹಂಗೇ ಬರೀಲೇನು?

ಚಿತ್ರಕಲಾ ಮಾಸ್ತರ, ಕೊಪ್ಪಳ · ಶನಿವಾರ ಮಧ್ಯಾಹ್ನ

ಬರೀರಿ, ಬಿಡಬ್ಯಾಡ್ರಿ. ಹೊಲದಾಗ ದುಡದ ಮುಖದ ಗುರುತು ಅದು. ಗೆರಿ ಮ್ಯಾಲಿನ ಜಾಗಕ್ಕ ಕೆಂಪು ಕಡಿಮಿ, ಆಕರ್ ಜಾಸ್ತಿ. ಅಂಚು ಚಾಕುವಿನಂಗ ಚೂಪು ಬ್ಯಾಡ, ಒಣ ಬ್ರಷ್‌ನಿಂದ ಒಂದು ಸಲ ಸವರಿ ಬಿಡ್ರಿ. ಗಡ್ಡ ಬೋಳಿಸಿದ ಜಾಗದಾಗ ಚೂರು ನೀಲಿ ಇರಲಿ. ಕಿವಿ, ಮೂಗಿನ ಹೊಳ್ಳಿ, ಕೆಳತುಟಿಯ ಒಳಗ ಕೆಂಪು ಇರಲಿ. ಅಂಗೈ ಕಾಣತಿದ್ದರ ಅದು ಮುಖದಕಿಂತ ಎಷ್ಟೋ ತಿಳಿ, ಗುಲಾಬಿ ಕಡೆ. ಅದಕ್ಕ ಮುಖದ ಮಿಶ್ರಣ ಹಚ್ಚಿದರ ಕೈಗೆ ಗ್ಲೌಸ್ ಹಾಕಿದಂಗ ಕಾಣತೈತಿ.

ವರ್ಣಪೆಟ್ಟಿಗೆ, ರಾಯಚೂರು · ಶನಿವಾರ ಸಂಜೆ

ಮೊಮ್ಮಗಳಿಗೆ: ಯೆಲ್ಲೋ ಆಕರ್ 3 ಕಾಳು, ಬಿಳಿ 3 ಕಾಳು, ಬರ್ನ್ಟ್ ಸಿಯೆನ್ನಾ 1 ಕಾಳು, ಕ್ಯಾಡ್ಮಿಯಂ ರೆಡ್ ಲೈಟ್ ಕಾಲು ಕಾಳು. ಇದು ಪ್ಯಾಲೆಟ್ಟಿನ ಮೇಲೆ ಬಹಳ ಕಿತ್ತಳೆಯಾಗಿ ಕಾಣುತ್ತದೆ. ಗಾಬರಿ ಬೇಡ, ಅಲ್ಟ್ರಾಮರೀನ್ ಸಾಸಿವೆಯಷ್ಟು ಸೇರಿಸಿ ಕಲಸಿದರೆ ಇಳಿಯುತ್ತದೆ. ಫ್ಲೆಶ್ ಟಿಂಟ್ ಟ್ಯೂಬಿನ ಬಣ್ಣ ಬಿಳಿಯರ ಮೈಯನ್ನು ನೆನೆಸಿಕೊಂಡು ಮಾಡಿದ್ದು, ಅದರಲ್ಲಿ ಹಳದಿ ಕಡಿಮೆ, ಬಿಳಿ ಜಾಸ್ತಿ. ಗೋಧಿ ಬಣ್ಣಕ್ಕೆ ಬೇಕಾದದ್ದು ಹಳದಿಯೇ.

ನೆರಳಿಗೆ ಹೊಸದಾಗಿ ಏನೂ ಕಲಸಬೇಡಿ. ಅಜ್ಜನ ನಡುವಣ ಬಣ್ಣವನ್ನೇ ಸ್ವಲ್ಪ ತೆಗೆದು ಇದಕ್ಕೆ ಬೆರೆಸಿ. ಅಜ್ಜನ ಬೆಳಕು ಮೊಮ್ಮಗಳ ನೆರಳಿಗೆ ಹತ್ತಿರ ಬರುತ್ತದೆ, ಇಬ್ಬರೂ ಒಂದೇ ಕೋಣೆಯಲ್ಲಿ ಕೂತಂತೆ ಕಾಣುವುದು ಅಲ್ಲಿಂದಲೇ. ಎರಡು ಮುಖಗಳ ಗಾಢ ತಿಳಿ ಸರಿ ಇದೆಯೋ ನೋಡಲು ಫೋನಿನಲ್ಲಿ ಫೋಟೋ ತೆಗೆದು ಬಣ್ಣ ತೆಗೆದುಹಾಕಿ, ಕಪ್ಪುಬಿಳುಪು ಮಾಡಿ ನೋಡಿ.

ಗಂಗಾವತಿ ಕುಂಚ · ಭಾನುವಾರ ರಾತ್ರಿ

ಪ್ಯಾಲೆಟ್ ಮ್ಯಾಲೆ ಮೊಮ್ಮಗಳ ಬಣ್ಣ ಗೋಧೀನೇ ಐತ್ರಿ. ಕ್ಯಾನ್ವಾಸ್ ಮ್ಯಾಲೆ ಕುತ್ತಿಗಿ ಹತ್ರ, ಸೀರಿ ತಾಗುವಲ್ಲಿ, ಕೆಂಪಗ ಉರಿದಂಗ ಕಾಣತೈತಿ. ಅದೇ ಮಿಶ್ರಣ, ಹಣಿ ಮ್ಯಾಲೆ ಚಲೋ ಐತಿ!

ಸಂಡೂರು ಕೆಮ್ಮಣ್ಣು · ಭಾನುವಾರ ರಾತ್ರಿ

ಹಸಿರು ಸೀರೆಯ ಕೆಲಸ ಅದು. ಹಸಿರಿನ ಪಕ್ಕ ಏನಿಟ್ಟರೂ ಕೆಂಪಗೆ ಕಾಣುತ್ತೆ. ಕುತ್ತಿಗೆಗೆ ಸ್ವಲ್ಪ ಹಸಿರು ಬೆರೆಸಿಬಿಡಿ.

ಚಿತ್ರಕಲಾ ಮಾಸ್ತರ, ಕೊಪ್ಪಳ · ಭಾನುವಾರ ರಾತ್ರಿ

ಕಾರಣ ಸರಿ, ಮದ್ದು ಅವಸರದ್ದು. ಸೀರಿಗೆ ಟ್ಯೂಬಿನ ಹಸಿರು ಹಂಗೇ ಹಚ್ಚೀರೇನು? ಮೊದಲು ಆ ಹಸಿರಿಗೆ ಬರ್ನ್ಟ್ ಸಿಯೆನ್ನಾ ಚೂರು ಬೆರಸಿ ತಣಸ್ರಿ, ಆಮ್ಯಾಲೆ ಕುತ್ತಿಗಿ ನೋಡ್ರಿ. ಸೀರಿ ಇಳಿದರ ಕುತ್ತಿಗೀನೂ ಇಳಿತೈತಿ.

ವರ್ಣಪೆಟ್ಟಿಗೆ, ರಾಯಚೂರು · ಭಾನುವಾರ ರಾತ್ರಿ

ನನಗ ಎರಡೂ ಬೇಕನಿಸ್ತದ. ಸೀರಿಯ ಹಸಿರು ಗದ್ದದ ಕೆಳಗ, ಕುತ್ತಿಗಿ ಬದಿಗೆ ಪುಟದು ಬೀಳೂದು ನಿಜ, ಹಂಗಾಗಿ ಆ ನೆರಳಿನಾಗ ಹಸಿರಿನ ಸುಳಿವು ಇದ್ದರ ತಪ್ಪಲ್ಲ. ಆದರ ಸೀರಿ ಹಂಗೇ ಬಿಟ್ಟು ಚರ್ಮ ತಿದ್ದಿದರ ನಾಳೆ ಸೀರಿ ತಿದ್ದಿದಾಗ ಕುತ್ತಿಗಿ ಪಾಚಿ ಕಟ್ಟಿದಂಗ ಕಾಣ್ತದ. ಮೊದಲು ಸೀರಿ.

ಗಂಗಾವತಿ ಕುಂಚ · ಭಾನುವಾರ ರಾತ್ರಿ

ಟ್ಯೂಬಿನ ಹಸಿರೇ ಹಚ್ಚೀನ್ರಿ, ಸೀರಿ ಪೂರ್ತಿ. ಇನ್ನೂ ಒಣಗಿಲ್ಲ. ನಾಳೆ ಮುಂಜಾನೆ ಬೆಳಕಿಗೆ ನೈಫ್‌ನಿಂದ ಕುತ್ತಿಗಿ ಬದಿಗಿನ ಪಟ್ಟಿ ಅಷ್ಟು ತೆಗದು, ಸಿಯೆನ್ನಾ ಬೆರಸಿ ಹಾಕಿ ನೋಡತೇನಿ.